ಓಟ್ಸ್ ಬಿಸ್ಕತ್ತಿನ ಲೇಬಲ್‌ನಲ್ಲಿ ಸಕ್ಕರೆ ನಾಲ್ಕನೇ ಜಾಗದಲ್ಲಿದೆ. ಹಾಗಾದರೆ ಕಡಿಮೆ ಅಂತಲೇ ಅರ್ಥವಾ?

ಮಲ್ಲಿಗೆಮೊಗ್ಗು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಸಂಜೆ ಹೊತ್ತು ಏನಾದರೂ ಬಾಯಿಗೆ ಹಾಕಿಕೊಳ್ಳದೆ ಅವರಿಗೆ ಆಗುವುದಿಲ್ಲ. ಹಾಗಾಗಿ ಮಾಮೂಲಿ ಬಿಸ್ಕತ್ತು ಬಿಟ್ಟು ಓಟ್ಸ್ ಬಿಸ್ಕತ್ತು ತಂದಿದ್ದೇನೆ, ಜೊತೆಗೆ ಒಂದು ಪ್ರೊಟೀನ್ ಬಾರ್. ಎರಡರ ಲೇಬಲ್ಲನ್ನೂ ಇದ್ದ ಹಾಗೆ ಬರೆಯುತ್ತೇನೆ. ಕಂಪನಿ ಹೆಸರು ಬೇಡ.

ಬಿಸ್ಕತ್ತಿನ ಮುಂಭಾಗದಲ್ಲಿ ದೊಡ್ಡದಾಗಿ "ಸಕ್ಕರೆ ಬರೀ 3.6 ಗ್ರಾಂ" ಅಂತಿದೆ. ಹಿಂದೆ ಪದಾರ್ಥಗಳ ಪಟ್ಟಿ ಹೀಗಿದೆ: ಗೋಧಿ ಹಿಟ್ಟು 45%, ತಾಳೆ ಎಣ್ಣೆ, ಓಟ್ಸ್ 12%, ಸಕ್ಕರೆ, ಇನ್ವರ್ಟ್ ಸಿರಪ್, ಗ್ಲೂಕೋಸ್ ಸಿರಪ್, ಗೋಧಿ ತೌಡು 4%, ಹಾಲಿನ ಪುಡಿ, ಉಪ್ಪು, ಹಿಟ್ಟು ಉಬ್ಬಿಸುವ ಪುಡಿ. 100 ಗ್ರಾಂಗೆ 450 ಕ್ಯಾಲೊರಿ, ಪ್ರೊಟೀನ್ 8, ಕಾರ್ಬೊಹೈಡ್ರೇಟ್ 66, ಅದರಲ್ಲಿ ಸಕ್ಕರೆ 18, ಕೊಬ್ಬು 16, ನಾರು 5 ಗ್ರಾಂ. ಒಂದು ಸರ್ವಿಂಗ್ ಅಂದರೆ 2 ಬಿಸ್ಕತ್ತು, 20 ಗ್ರಾಂ.

ಬಾರ್ 60 ಗ್ರಾಂ. ಮುಂದೆ "20 ಗ್ರಾಂ ಪ್ರೊಟೀನ್, ಸಕ್ಕರೆ ಸೇರಿಸಿಲ್ಲ" ಅಂತಿದೆ. ಹಿಂದೆ, ಇಡೀ ಬಾರಿಗೆ 221 ಕ್ಯಾಲೊರಿ, ಕಾರ್ಬೊಹೈಡ್ರೇಟ್ 20, ಅದರಲ್ಲಿ ಸಕ್ಕರೆ 2, ಪಾಲಿಯಾಲ್ 13. ನಾರು 5, ಕೊಬ್ಬು 8. ಪಟ್ಟಿಯಲ್ಲಿ ಮೊದಲು ಪ್ರೊಟೀನ್ ಮಿಶ್ರಣ, ಆಮೇಲೆ ಮಾಲ್ಟಿಟಾಲ್, ಐಸೊಮಾಲ್ಟೊ ಒಲಿಗೊಸ್ಯಾಕರೈಡ್, ತಾಳೆ ಎಣ್ಣೆ, ಕೋಕೊ, ಗ್ಲಿಸರಿನ್, ಸುಕ್ರಲೋಸ್.

ಬಿಸ್ಕತ್ತಿನಲ್ಲಿ ಸಕ್ಕರೆ ನಾಲ್ಕನೇ ಜಾಗದಲ್ಲಿದೆ, ಓಟ್ಸ್ ಅದಕ್ಕಿಂತ ಮೊದಲಿದೆ. ಅಂದರೆ ಸಕ್ಕರೆ ಕಡಿಮೆ ಅಂತ ಧೈರ್ಯವಾಗಿ ತಗೊಳ್ಳಬಹುದಾ? ಎರಡರಲ್ಲಿ ಅಮ್ಮನಿಗೆ ಯಾವುದು ವಾಸಿ?

ಬೆಳಗಿನ ಓಟ

ಬಿಸ್ಕತ್ತು ಬಿಡಿ ಮೇಡಂ, ಬಾರ್ ಇಟ್ಟುಕೊಳ್ಳಿ. ಲೆಕ್ಕ ಸಿಂಪಲ್. ಒಟ್ಟು ಕಾರ್ಬ್ 20, ಅದರಿಂದ ಪಾಲಿಯಾಲ್ 13 ಕಳೆಯಿರಿ, ಉಳಿಯೋದು 7. ಅದೇ ನೆಟ್ ಕಾರ್ಬ್, ಅಂದರೆ ಶುಗರ್ ಏರಿಸುವ ಕಾರ್ಬ್. ಪಾಲಿಯಾಲ್ ಅಂದರೆ ಮಾಲ್ಟಿಟಾಲ್ ಥರದ ಸಕ್ಕರೆ ಆಲ್ಕೊಹಾಲ್, ಅದು ರಕ್ತಕ್ಕೆ ಹೋಗುವುದೇ ಇಲ್ಲ, ಹಾಗೇ ಹೊರಗೆ ಹೋಗುತ್ತದೆ. ಸಕ್ಕರೆ 2 ಗ್ರಾಂ ಅಂದರೆ ಅರ್ಧ ಟೀ ಚಮಚ. ನಾನು ಜಿಮ್ ಮುಗಿಸಿದ ಮೇಲೆ ದಿನಾ ತಿನ್ನುತ್ತೇನೆ, ಏನೂ ತೊಂದರೆ ಇಲ್ಲ.

ಬಿಸ್ಕತ್ತಿಗೆ ಒಂದು ರೂಲ್ ಇದೆ. ಪಟ್ಟಿಯ ಮೊದಲ ಮೂರು ಪದಾರ್ಥ ನೋಡಿ. ಅದರಲ್ಲಿ ಸಕ್ಕರೆ ಇಲ್ಲದಿದ್ದರೆ ಸಾಕು.

ಹದಗಾರ

ಬಿಸ್ಕತ್ತು ಕಾರ್ಖಾನೆಯಲ್ಲಿ ಹೊಸ ರೆಸಿಪಿ ಮಾಡುವ ವಿಭಾಗದಲ್ಲಿ ತುಂಬಾ ವರ್ಷ ಇದ್ದವನು ನಾನು. ಮೊದಲ ಮೂರು ಪದಾರ್ಥದ ರೂಲ್ ಈ ಬಿಸ್ಕತ್ತಿಗೆ ನಿಲ್ಲುವುದಿಲ್ಲ. ಯಾಕೆ ಅಂತ ಈ ಲೇಬಲ್ಲನ್ನೇ ಇಟ್ಟುಕೊಂಡು ಹೇಳುತ್ತೇನೆ. ಮಲ್ಲಿಗೆಮೊಗ್ಗು ಅವರು ಒಂದಕ್ಷರವನ್ನೂ ಬಿಡದೆ ಬರೆದಿರುವುದರಿಂದ ಇದರೊಳಗೇ ಎಲ್ಲ ಸಿಗುತ್ತದೆ.

ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಹಿಟ್ಟು ಕಲಸುವಾಗ ಯಾವುದನ್ನು ಜಾಸ್ತಿ ಹಾಕಿದ್ದಾರೋ ಅದು ಮೊದಲು. ಓಟ್ಸ್ ಪಕ್ಕದಲ್ಲಿ 12% ಅಂತಿದೆ, ಸಕ್ಕರೆ ಅದರ ನಂತರ ಬಂದಿದೆ. ಅಂದರೆ "ಸಕ್ಕರೆ" ಅನ್ನೋ ಹೆಸರಿನಲ್ಲಿ ಹಾಕಿದ್ದು 12%ಕ್ಕಿಂತ ಹೆಚ್ಚಿಲ್ಲ. ಈಗ ಕೆಳಗಿನ ಕೋಷ್ಟಕ ನೋಡಿ. ಅಲ್ಲಿ ಸಕ್ಕರೆ 18 ಗ್ರಾಂ ಅಂತಿದೆ. ಹಾಗಾದರೆ ಮಿಕ್ಕ 6 ಗ್ರಾಂ ಎಲ್ಲಿಂದ ಬಂತು?

ಹಾಲಿನ ಪುಡಿಯಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಆದರೆ ಹಾಲಿನ ಪುಡಿ 4% ತೌಡಿನ ನಂತರ ಬಂದಿದೆ. ಹೆಚ್ಚೆಂದರೆ 4 ಗ್ರಾಂ ಪುಡಿ, ಅದರಲ್ಲಿ ಸುಮಾರು ಅರ್ಧ ಹಾಲಿನ ಸಕ್ಕರೆ. ಅಂದರೆ 2 ಗ್ರಾಂ ದಾಟುವುದಿಲ್ಲ. ಹಿಟ್ಟಿನಿಂದ ಬರುವುದು ತೀರಾ ಸ್ವಲ್ಪ. ಉಳಿದದ್ದು ಆ ಎರಡು ಸಿರಪ್‌ಗಳಿಂದಲೇ ಬರಬೇಕು. ಇನ್ವರ್ಟ್ ಸಿರಪ್ ಅಂದರೆ ಸಕ್ಕರೆಯನ್ನೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡಿ ನೀರಲ್ಲಿ ಇಟ್ಟಿರುವುದು. ದೇಹಕ್ಕೆ ಅದು ಸಕ್ಕರೆಯೇ.

ಈಗ ಇನ್ನೊಂದು ಮಾತು. ಬಿಸ್ಕತ್ತಿನ ಒಟ್ಟು ಕೊಬ್ಬು 16 ಗ್ರಾಂ. ಹಾಗಾಗಿ ತಾಳೆ ಎಣ್ಣೆ 16%ಕ್ಕಿಂತ ಜಾಸ್ತಿ ಇರೋಕೆ ದಾರಿಯೇ ಇಲ್ಲ. ಸಕ್ಕರೆ ಮತ್ತು ಸಿರಪ್ ಸೇರಿ ಸಕ್ಕರೆಯ ಲೆಕ್ಕದಲ್ಲೇ ಹದಿನಾರರ ಆಸುಪಾಸು ಇದೆ. ಸಿರಪ್‌ನ ನೀರು ಮತ್ತು ಬೇರೆ ಅಂಶ ಸೇರಿಸಿದರೆ ಹಾಕಿದ ತೂಕ ಇನ್ನೂ ಜಾಸ್ತಿ. ಮೂರನ್ನೂ ಒಂದೇ ಹೆಸರಿನಲ್ಲಿ ಬರೆದಿದ್ದರೆ ಅದು ಎಣ್ಣೆಯನ್ನೂ ಓಟ್ಸನ್ನೂ ದಾಟಿ, ಹಿಟ್ಟಿನ ಹಿಂದೆಯೇ ಎರಡನೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು. ಮೂರು ಹೆಸರಾಗಿ ಒಡೆದದ್ದರಿಂದ ನಾಲ್ಕು, ಐದು, ಆರನೇ ಜಾಗಕ್ಕೆ ಇಳಿದಿದೆ.

ಬೇಯುವಾಗ ನೀರು ಹಾರುತ್ತದೆ, ಹಾಗಾಗಿ ಹಿಟ್ಟಿನ ಲೆಕ್ಕಕ್ಕೂ ಬಿಸ್ಕತ್ತಿನ ಲೆಕ್ಕಕ್ಕೂ ಒಂದೆರಡು ಗ್ರಾಂ ಆಚೀಚೆ ಇರುತ್ತದೆ. ಆದರೆ ಚಿತ್ರ ಬದಲಾಗುವುದಿಲ್ಲ.

ಸುಮ್ನೆ ಓದುಗ

ಇದು ಮೋಸ ಅಲ್ಲದೆ ಇನ್ನೇನು? ಲೇಬಲ್ ಓದೋದೇ ವ್ಯರ್ಥ ಅನ್ನಿಸುತ್ತೆ. ಅವರು ಬರೆದ ಸಂಖ್ಯೆ ನಿಜ ಅಂತ ಏನು ಗ್ಯಾರಂಟಿ?

ಹದಗಾರ

ಪ್ರತಿ ಬಾರಿಯೂ ಮೋಸ ಅಂತ ನಾನು ಹೇಳಲಾರೆ. ಇನ್ವರ್ಟ್ ಸಿರಪ್ ಹಾಕಿದರೆ ಬಿಸ್ಕತ್ತು ಚೆನ್ನಾಗಿ ಕೆಂಪಗಾಗುತ್ತದೆ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಗ್ಲೂಕೋಸ್ ಸಿರಪ್ ಸಕ್ಕರೆ ಹರಳುಗಟ್ಟುವುದನ್ನು ತಡೆಯುತ್ತದೆ. ಕೆಲಸಕ್ಕಾಗಿಯೇ ಹಾಕುವವರೂ ಇದ್ದಾರೆ. ಲೇಬಲ್ ನೋಡಿ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಾಗಲ್ಲ, ಬಿಸ್ಕತ್ತಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ನಮಗೆ ಬೇಕಿರುವುದು ಎರಡನೆಯದು.

ಸಂಖ್ಯೆಗಳ ವಿಷಯ: ಅವು ಸರಾಸರಿ. ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. ಈ ಮಟ್ಟದ ಸಕ್ಕರೆಗೆ ಯುರೋಪಿನಲ್ಲಿ 20% ಆಚೀಚೆ ಇರಲು ಅವಕಾಶ ಕೊಟ್ಟಿದ್ದಾರೆ. 18 ಅಂದರೆ ಇಪ್ಪತ್ತೊಂದರ ಹತ್ತಿರವೂ ಇರಬಹುದು, ಹದಿನೈದರ ಹತ್ತಿರವೂ ಇರಬಹುದು. ಆದರೆ 18 ಅಂತ ಬರೆದು 40 ಇಡೋಕೆ ಆಗಲ್ಲ.

ನೀವೇ ಒಂದು ಪರೀಕ್ಷೆ ಮಾಡಬಹುದು. ಪ್ರೊಟೀನ್ ಮತ್ತು ಕಾರ್ಬೊಹೈಡ್ರೇಟ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9, ನಾರು 2. ಈ ಬಿಸ್ಕತ್ತಿಗೆ 32, 264, 144, 10. ಕೂಡಿದರೆ 450. ಲೇಬಲ್ಲಿನಲ್ಲೂ 450. ಅಂದರೆ ಇಲ್ಲಿ 66 ಅನ್ನೋದು ನಾರು ಬಿಟ್ಟು ಉಳಿದ ಕಾರ್ಬ್ ಅನ್ನೋದೂ ಇದರಿಂದ ತಿಳಿಯಿತು. ಕೆಲವು ದೇಶಗಳ ಲೇಬಲ್ಲಿನಲ್ಲಿ ನಾರು ಕಾರ್ಬ್ ಒಳಗೇ ಸೇರಿರುತ್ತದೆ. ಕೂಡಿ ನೋಡಿದರೆ ಯಾವ ರೀತಿ ಅಂತ ಗೊತ್ತಾಗುತ್ತದೆ. ಲೆಕ್ಕ ತೀರಾ ಹೊಂದದಿದ್ದರೆ ಆಗ ಅನುಮಾನ ಪಡಿ.

ಪುಟ್ಟಿಯ ಅಮ್ಮ

ನನ್ನ ಮಗಳಿಗೆ ಒಂದೂವರೆ ವರ್ಷ. ಬಿಸ್ಕತ್ತು ಗಟ್ಟಿ ಇದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಭಯ. ಓಟ್ಸ್ ಬಿಸ್ಕತ್ತು ಮೆತ್ತಗಿರುತ್ತಾ? ಎಕ್ಸ್‌ಪೈರಿ ಡೇಟ್ ಹತ್ತಿರ ಇದ್ದರೆ ಕೊಡಬಹುದಾ?

ಮಲ್ಲಿಗೆಮೊಗ್ಗು

ಪುಟ್ಟಿಯ ಅಮ್ಮ, ಇಲ್ಲಿ ನಾವು ಸಕ್ಕರೆ ಲೆಕ್ಕ ನೋಡುತ್ತಿದ್ದೇವೆ, ಮೆತ್ತಗಿರೋದು ಬೇರೆ ವಿಷಯ. ಆದರೆ ಹದಗಾರ ಅವರು ಹೇಳಿದ ಮೇಲೆ ನನಗಂತೂ ಈ ಬಿಸ್ಕತ್ತನ್ನು ಅಷ್ಟು ಸಣ್ಣ ಮಗುವಿಗೆ ಕೊಡಿ ಅಂತ ಹೇಳೋಕೆ ಮನಸ್ಸು ಬರಲ್ಲ. ಮಕ್ಕಳ ಡಾಕ್ಟರನ್ನು ಕೇಳಿ. ಗಂಟಲ ಭಯವನ್ನೂ ಅವರಿಗೇ ಹೇಳಿ.

ಹದಗಾರ ಸರ್, ಅಮ್ಮ ಎರಡು ಬಿಸ್ಕತ್ತಿಗೆ ನಿಲ್ಲಿಸಲ್ಲ. ಆರಾದರೂ ಬೇಕು. ಅದಕ್ಕೆ ಲೆಕ್ಕ ಹೇಗೆ?

ಹದಗಾರ

ಮುಂಭಾಗದ 3.6 ಗ್ರಾಂ ಅನ್ನೋ ಮಾತು ಸುಳ್ಳಲ್ಲ. ಆದರೆ ಅದು ಎರಡು ಬಿಸ್ಕತ್ತಿಗೆ ಮಾತ್ರ. ಆರು ತಿಂದರೆ 60 ಗ್ರಾಂ. 270 ಕ್ಯಾಲೊರಿ, 10.8 ಗ್ರಾಂ ಸಕ್ಕರೆ. ಟೀ ಚಮಚಕ್ಕೆ 4 ಗ್ರಾಂ ಅಂತ ಇಟ್ಟುಕೊಂಡರೆ ಸುಮಾರು ಎರಡೂ ಮುಕ್ಕಾಲು ಚಮಚ.

ಹೋಲಿಸಲು ಒಂದು ಅಳತೆ ಕೊಡುತ್ತೇನೆ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆ ಮತ್ತು ಅಂಥವುಗಳ ಪಾಲು 10%ಕ್ಕಿಂತ ಕಡಿಮೆ ಇರಲಿ, 5%ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿ ಲೆಕ್ಕದಲ್ಲಿ ಅದು 50 ಗ್ರಾಂ ಮತ್ತು 25 ಗ್ರಾಂ. ಹಾಲಿನಿಂದ ಬರುವ ಅಲ್ಪ ಭಾಗವನ್ನು ಬಿಟ್ಟರೂ ಅಮ್ಮನ ಆರು ಬಿಸ್ಕತ್ತು 25ರಲ್ಲಿ ಐದರಲ್ಲಿ ಎರಡು ಪಾಲು ತೆಗೆದುಕೊಂಡಿತು. ಅದೂ ಊಟದ ಮಧ್ಯದ ತಿಂಡಿಯಲ್ಲಿ.

ಸರ್ವಿಂಗ್ ಅನ್ನೋದರ ಇಕ್ಕಟ್ಟು ಇದೇ. ಅದು ಕಂಪನಿ ಇಟ್ಟುಕೊಂಡ ಅಳತೆ. ತಿನ್ನುವವರು ಎಷ್ಟು ತಿನ್ನುತ್ತಾರೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಒಂದು ಬ್ರಾಂಡ್ 15 ಗ್ರಾಂ ಅಂತ, ಇನ್ನೊಂದು 30 ಗ್ರಾಂ ಅಂತ ಹಾಕಿದರೆ, ಮೊದಲನೆಯದು ಮುಂಭಾಗದಲ್ಲಿ ಅರ್ಧ ಸಕ್ಕರೆಯಂತೆ ಕಾಣುತ್ತದೆ. ಎರಡು ಪ್ಯಾಕೆಟ್ ಹೋಲಿಸುವಾಗ 100 ಗ್ರಾಂ ಕಾಲಮ್ ಮಾತ್ರ ನೋಡಿ. ನಿಮ್ಮ ತಟ್ಟೆಗೆ ಎಷ್ಟು ಬಂತು ಅಂತ ತಿಳಿಯಬೇಕಾದರೆ ನೀವು ತಿನ್ನುವ ಗ್ರಾಂ ಇಂದ ಗುಣಿಸಿ ನೂರರಿಂದ ಭಾಗಿಸಿ.

ಕೆಲವರು 100 ಗ್ರಾಂ ಕಾಲಮ್ಮೇ ಕೊಡುವುದಿಲ್ಲ. ಸರ್ವಿಂಗ್‌ನ ತೂಕ ಮಾತ್ರ ಇರುತ್ತದೆ. ಆಗ ಸಕ್ಕರೆಯ ಗ್ರಾಂ ಅನ್ನು ಸರ್ವಿಂಗ್‌ನ ಗ್ರಾಂ ಇಂದ ಭಾಗಿಸಿ ನೂರರಿಂದ ಗುಣಿಸಿ. 3.6 ಅನ್ನು 20ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 18. ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತದೆ.

ರಾತ್ರಿಪಾಳಿ

ನಂದೂ ಒಂದು ಕೇಸ್ ಕೇಳಿ. ನಾನು ರಾತ್ರಿ ಡ್ಯೂಟಿಯಲ್ಲಿ ಊಟದ ಬದಲು ಒಂದು ಬಾರ್ ತಿನ್ನುತ್ತೇನೆ. ನನ್ನ ಬಾರ್ ಲೇಬಲ್ಲಿನಲ್ಲಿ ಪ್ಯಾಕೆಟ್ಟಿಗೆ ಸರ್ವಿಂಗ್ 2 ಅಂತ ಸಣ್ಣದಾಗಿ ಇದೆ. ಅರ್ಧ ಬಾರ್ ತಿಂದು ಉಳಿದದ್ದನ್ನು ಯಾರು ಕಟ್ಟಿ ಇಡುತ್ತಾರೆ? ನಾನಂತೂ ಪೂರ್ತಿ ತಿಂದೆ. ಕ್ಯಾಲೊರಿ ಲೆಕ್ಕ ಇರಲಿ, ಹೊಟ್ಟೆ ಡ್ರಮ್ಮಿನ ಹಾಗೆ ಉಬ್ಬಿ ಗುಡುಗುಡು ಅಂತ ರಾತ್ರಿಯೆಲ್ಲಾ ಬಾತ್‌ರೂಮಿಗೆ ಓಡಾಟ. ಹಾಲಿನ ಪ್ರೊಟೀನ್ ನನಗೆ ಆಗಲ್ಲವೋ ಏನೋ ಅಂದುಕೊಂಡಿದ್ದೆ. ಆದರೆ ಹಾಲು ಕುಡಿದರೆ ಏನೂ ಆಗಲ್ಲ.

ಅಳತೆಗೋಲು

ರಾತ್ರಿಪಾಳಿ ಅವರೇ, ಪಟ್ಟಿಯಲ್ಲಿ ಮಾಲ್ಟಿಟಾಲ್ ಅಥವಾ ಸಾರ್ಬಿಟಾಲ್ ಇದೆಯಾ ನೋಡಿ. ಅದೇ ಇರಬಹುದು. ಪಾಲಿಯಾಲ್‌ಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಅದನ್ನು ತಿಂದು ಗ್ಯಾಸ್ ಮಾಡುತ್ತದೆ. ಸೇರಿಸಿದ ಪಾಲಿಯಾಲ್ 10% ದಾಟಿದರೆ "ಹೆಚ್ಚು ತಿಂದರೆ ಭೇದಿಯಾಗಬಹುದು" ಅಂತ ಬರೆಯಲೇಬೇಕು ಅಂತ ಯುರೋಪಿನ ನಿಯಮ ಇದೆ. ಮಲ್ಲಿಗೆಮೊಗ್ಗು ಅವರ ಬಾರಿನಲ್ಲಿ 60ಕ್ಕೆ 13, ಅಂದರೆ 20% ದಾಟಿದೆ.

ನಾನೂ ಡಯಾಬಿಟಿಸ್ ಇರುವವನು. ಬೆಳಗಿನ ಓಟ ಅವರು ಪಾಲಿಯಾಲ್ ಪೂರ್ತಿ ಕಳೆಯಿರಿ ಅಂತ ಹೇಳಿದ್ದು ನನಗೆ ಒಪ್ಪಿಗೆ ಇಲ್ಲ. ಎರಿತ್ರಿಟಾಲ್ ಆದರೆ ಒಪ್ಪುತ್ತೇನೆ, ಅದು ರಕ್ತದ ಗ್ಲೂಕೋಸನ್ನು ಹೆಚ್ಚು ಕಡಿಮೆ ಮುಟ್ಟುವುದಿಲ್ಲ. ಮಾಲ್ಟಿಟಾಲ್ ಹಾಗಲ್ಲ. ಅದರ ಒಂದು ಭಾಗ ಗ್ಲೂಕೋಸ್ ಆಗಿಯೇ ಒಳಗೆ ಹೋಗುತ್ತದೆ. ನನ್ನ ಮೀಟರ್‌ನಲ್ಲಿ ಮಾಲ್ಟಿಟಾಲ್ ಬಾರ್ ತಿಂದ ಮೇಲೆ ಏರುತ್ತದೆ, ಮಾಮೂಲಿ ಸಿಹಿಗಿಂತ ಕಡಿಮೆ, ನಿಧಾನವಾಗಿ, ಆದರೆ ಏರುತ್ತದೆ.

ಬೆಳಗಿನ ಓಟ

ನನ್ನ ಮಾತು ಪೂರ್ತಿ ತಪ್ಪಲ್ಲ. ಪ್ಯಾಕೆಟ್ಟಿನ ಮೇಲೆಯೇ ನೆಟ್ ಕಾರ್ಬ್ ಅಂತ ಬರೆದಿರುತ್ತಾರೆ. ಎಲ್ಲ ಕಂಪನಿಗಳೂ ಸುಮ್ಮನೆ ಬರೆಯುತ್ತವಾ?

ಹದಗಾರ

ಪೂರ್ತಿ ತಪ್ಪಲ್ಲ, ನಿಜ. ನೀವು ಹೇಳುವ ಲೆಕ್ಕ ಎರಿತ್ರಿಟಾಲ್ ಹಾಕಿದ ಬಾರಿಗೆ ಸರಿಯಾಗಿ ಕೂಡುತ್ತದೆ. ಮಾಲ್ಟಿಟಾಲ್‌ಗೆ ಕೂಡುವುದಿಲ್ಲ ಅನ್ನೋದನ್ನು ಲೇಬಲ್ಲಿನ ಕ್ಯಾಲೊರಿಯೇ ತೋರಿಸಿಕೊಡುತ್ತದೆ. ಬಾರಿನ ಲೆಕ್ಕ ಬರೆದು ನೋಡಿ. ಪ್ರೊಟೀನ್ 20 ಗ್ರಾಂ, 80 ಕ್ಯಾಲೊರಿ. ಕೊಬ್ಬು 8 ಗ್ರಾಂ, 72. ನಾರು 5, 10. ಪಾಲಿಯಾಲ್ ಬಿಟ್ಟ 7 ಗ್ರಾಂ ಕಾರ್ಬ್, 28. ಇಲ್ಲಿಗೆ 190. ಲೇಬಲ್ಲಿನಲ್ಲಿ 221 ಇದೆ. ನಡುವಿನ 31 ಕ್ಯಾಲೊರಿ ಆ 13 ಗ್ರಾಂ ಪಾಲಿಯಾಲ್‌ನದು. ಗ್ರಾಂಗೆ 2.4. ಎರಿತ್ರಿಟಾಲ್ ಆಗಿದ್ದರೆ ಇಲ್ಲಿ ಸೊನ್ನೆ ಬರುತ್ತಿತ್ತು. ದೇಹ ಒಳಗೆ ತೆಗೆದುಕೊಳ್ಳದ ವಸ್ತುವಿಗೆ ಕ್ಯಾಲೊರಿ ಯಾಕೆ ಬರುತ್ತದೆ ಹೇಳಿ?

ಡಯಾಬಿಟಿಸ್ ತರಗತಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಆಲ್ಕೊಹಾಲಿನ ಅರ್ಧವನ್ನು ಮಾತ್ರ ಕಳೆಯಿರಿ ಅಂತ ಹೇಳಿಕೊಡುತ್ತಾರೆ. ಈ ಬಾರಿಗೆ 7 ಜೊತೆ 13ರ ಅರ್ಧ 6.5 ಸೇರಿಸಿ 13.5. ನೀವು ಹೇಳಿದ 7ರ ಸುಮಾರು ಎರಡು ಪಟ್ಟು. ಮಾಲ್ಟಿಟಾಲ್ ಬಳಸೋಕೆ ಕಾರಣ ಅದು ಸಕ್ಕರೆಯ ಹಾಗೇ ನಡೆದುಕೊಳ್ಳುತ್ತದೆ ಅನ್ನೋದು. ಸಿಹಿ ಸುಮಾರು 90%, ಬಾಯಲ್ಲಿ ಅದೇ ಹದ, ಚಾಕೊಲೇಟ್ ಲೇಪನಕ್ಕೆ ಚೆನ್ನಾಗಿ ಹಿಡಿಯುತ್ತದೆ. ಎರಿತ್ರಿಟಾಲ್ ಬಾಯಿ ತಣ್ಣಗೆ ಮಾಡುತ್ತದೆ, ಹರಳುಗಟ್ಟುತ್ತದೆ. ಹಾಗಾಗಿ ಕಾರ್ಖಾನೆಗೆ ಮಾಲ್ಟಿಟಾಲ್ ಸುಲಭ.

"ಸಕ್ಕರೆ ಸೇರಿಸಿಲ್ಲ" ಅನ್ನೋದರ ಬಗ್ಗೆಯೂ ಒಂದು ಮಾತು. ಸಕ್ಕರೆ ಸಾಲಿನಲ್ಲಿ ಎಣಿಕೆಗೆ ಬರುವುದು ಗ್ಲೂಕೋಸ್, ಫ್ರಕ್ಟೋಸ್, ಸಕ್ಕರೆ, ಹಾಲಿನ ಸಕ್ಕರೆ, ಮಾಲ್ಟೋಸ್ ಥರದ ಚಿಕ್ಕ ಅಣುಗಳು ಮಾತ್ರ. ಮಾಲ್ಟೊಡೆಕ್ಸ್ಟ್ರಿನ್ ಆ ಸಾಲಿಗೆ ಬರುವುದಿಲ್ಲ, ಅದು ಸ್ವಲ್ಪ ಉದ್ದನೆಯ ಸರ. ಆದರೆ ಕರುಳಿಗೆ ಹೋದ ತಕ್ಷಣ ಗ್ಲೂಕೋಸ್ ಆಗಿ ಒಡೆಯುತ್ತದೆ, ಸಕ್ಕರೆಗಿಂತಲೂ ಬೇಗ ಏರಿಸುವುದೂ ಉಂಟು. ಗ್ಲೂಕೋಸ್ ಸಿರಪ್‌ನದೂ ಒಂದು ಭಾಗ ಅಷ್ಟೇ ಸಕ್ಕರೆ ಸಾಲಿನಲ್ಲಿ ಕಾಣಿಸುತ್ತದೆ. ಹಾಗಾಗಿ ಸಕ್ಕರೆ 2 ಅಂತ ಓದಿ ನಿಲ್ಲಿಸಬೇಡಿ, ಒಟ್ಟು ಕಾರ್ಬ್ ಕೂಡ ನೋಡಿ. ಒಟ್ಟು ಜಾಸ್ತಿ, ಸಕ್ಕರೆ ಕಡಿಮೆ, ನಾರೂ ಕಡಿಮೆ ಇದ್ದರೆ ಉಳಿದದ್ದು ಏನು ಅಂತ ಪಟ್ಟಿಯಲ್ಲಿ ಹುಡುಕಿ. ಹಿಟ್ಟೇ ಇರಬಹುದು, ಮಾಲ್ಟೊಡೆಕ್ಸ್ಟ್ರಿನ್ ಇರಬಹುದು, ಬಾರಿನಲ್ಲಿ ಗ್ಲಿಸರಿನ್ ಇರಬಹುದು. ಬಾರ್ ಗಟ್ಟಿಯಾಗಬಾರದು ಅಂತ ಗ್ಲಿಸರಿನ್ ಹಾಕುತ್ತಾರೆ. ಅದೂ ಗ್ರಾಂಗೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಕ್ಯಾಲೊರಿ ಕೊಡುತ್ತದೆ, ಸಕ್ಕರೆ ಸಾಲಿಗೆ ಮಾತ್ರ ಬರಲ್ಲ.

ಸುಮ್ನೆ ಓದುಗ

ಹಾಗಾದರೆ ಸಕ್ಕರೆಯ ಎಲ್ಲ ಹೆಸರನ್ನೂ ಬಾಯಿಪಾಠ ಮಾಡಬೇಕಾ? ಸಾಧ್ಯವೇ ಇಲ್ಲ.

ಹದಗಾರ

ಬೇಡ. ನಾಲ್ಕು ಸುಳಿವು ಸಾಕು. ಹೆಸರಲ್ಲಿ ಸಿರಪ್ ಬಂದರೆ ನಿಲ್ಲಿ: ರೈಸ್ ಸಿರಪ್, ಮಾಲ್ಟ್ ಸಿರಪ್, ಅಗಾವೆ ಸಿರಪ್ ಎಲ್ಲ ಅಲ್ಲೇ ಸಿಗುತ್ತವೆ. ಕೊನೆಗೆ "ಓಸ್" ಬಂದರೆ ನಿಲ್ಲಿ: ಡೆಕ್ಸ್ಟ್ರೋಸ್, ಮಾಲ್ಟೋಸ್. ಹಣ್ಣಿನ ರಸದ ಕಾನ್ಸಂಟ್ರೇಟ್, ಖರ್ಜೂರದ ಪೇಸ್ಟ್, ಜೇನು ಇದ್ದರೆ ನಿಲ್ಲಿ, ಆರೋಗ್ಯದ ಹೆಸರಿದ್ದರೂ ಸಿಹಿಗಾಗಿ ಹಾಕಿದ್ದೇ. ಮಾಲ್ಟೊಡೆಕ್ಸ್ಟ್ರಿನ್ ಇದ್ದರೆ ನಿಲ್ಲಿ.

"ಓಸ್" ಸುಳಿವಿಗೆ ಅಪವಾದ ಇದೆ. ಸೆಲ್ಯುಲೋಸ್ ನಾರು, ಸುಕ್ರಲೋಸ್ ಸಿಹಿಕಾರಕ, ಎರಡಕ್ಕೂ ಕ್ಯಾಲೊರಿ ಲೆಕ್ಕದಲ್ಲಿ ಸಕ್ಕರೆಯ ಸ್ಥಾನ ಇಲ್ಲ. ಮಾಲ್ಟೊಡೆಕ್ಸ್ಟ್ರಿನ್‌ಗೂ ಒಂದು ಅಪವಾದ: "ಜೀರ್ಣವಾಗದ" ಅಥವಾ "ರೆಸಿಸ್ಟೆಂಟ್" ಅಂತ ಮುಂದೆ ಬರೆದಿದ್ದರೆ ಅದು ನಾರಿನ ಗುಂಪಿನದು.

ಸಿಕ್ಕ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಒಂದಾಗಿ ಸೇರಿಸಿಬಿಡಿ. ಆಮೇಲೆ ಅದು ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತಿತ್ತು ಅಂತ ಯೋಚಿಸಿ.

ಅಳತೆಗೋಲು

ಈ ಬಾರಿನ ನಾರಿನ ಬಗ್ಗೆ ನನಗೆ ಇನ್ನೂ ಅನುಮಾನ ಇದೆ. ಐಸೊಮಾಲ್ಟೊ ಒಲಿಗೊಸ್ಯಾಕರೈಡ್ ಅನ್ನು ಕೆಲವರು ನಾರು ಅಂತ ಎಣಿಸುತ್ತಾರೆ, ಕೆಲವರು ಎಣಿಸುವುದಿಲ್ಲ. ಅಮೆರಿಕದ ಎಫ್‌ಡಿಎ 2018ರಲ್ಲಿ ನಾರು ಅಂತ ಒಪ್ಪಿದ ವಸ್ತುಗಳ ಪಟ್ಟಿಗೆ ಇನ್ಯುಲಿನ್, ಪಾಲಿಡೆಕ್ಸ್ಟ್ರೋಸ್ ಎಲ್ಲ ಸೇರಿಸಿತು, ಇದನ್ನು ಸೇರಿಸಲಿಲ್ಲ. ಇದರ ಒಂದಷ್ಟು ಭಾಗ ಸಣ್ಣ ಕರುಳಿನಲ್ಲೇ ಒಡೆದು ಗ್ಲೂಕೋಸ್ ಆಗುತ್ತದೆ. ಹಾಗಿದ್ದರೆ ಮಲ್ಲಿಗೆಮೊಗ್ಗು ಅವರ ಬಾರಿನ 5 ಗ್ರಾಂ ನಾರಿನಲ್ಲೂ ಸ್ವಲ್ಪ ಕಾರ್ಬ್ ಇದೆ ಅಂತಾಯಿತು. ಹದಗಾರ ಅವರೇ, ನೀವೇನು ಹೇಳುತ್ತೀರಿ?

ಹದಗಾರ

ಅದರ ಬಗ್ಗೆ ಕೈ ಇಟ್ಟು ಹೇಳುವುದು ಕಷ್ಟ. ಕಾರ್ಖಾನೆಗಳು ಬೇರೆ ಬೇರೆ ವಿಧಾನದಲ್ಲಿ ಮಾಡುತ್ತವೆ. ಚಿಕ್ಕ ಸರಗಳು ಜಾಸ್ತಿ ಇದ್ದರೆ ಬೇಗ ಒಡೆಯುತ್ತದೆ, ಉದ್ದ ಇದ್ದರೆ ತಡವಾಗುತ್ತದೆ. ಅದನ್ನು ಲೇಬಲ್ ಹೇಳುವುದಿಲ್ಲ. ನಾರಿನ ಸಂಖ್ಯೆ ನೋಡಿ ಬಾರ್ ಕೊಳ್ಳುವವರಾಗಿದ್ದರೆ ಆ ನಾರು ಯಾವುದರಿಂದ ಬಂತು ಅಂತ ಪಟ್ಟಿಯಲ್ಲಿ ನೋಡಿಕೊಳ್ಳಿ.

ಬೆಳಗಿನ ಓಟ

ಸರಿ, ಮಾಲ್ಟಿಟಾಲ್ ಲೆಕ್ಕ ಒಪ್ಪಿದೆ. ಆದರೆ ಪ್ರೊಟೀನ್ 20 ಗ್ರಾಂ ಅನ್ನೋದು ಘನವಾದ ಸಂಖ್ಯೆ. ಅದನ್ನಾದರೂ ನಂಬಬಹುದಲ್ವಾ?

ಹದಗಾರ

ಗ್ರಾಂ ನಂಬಬಹುದು. ಗುಣಮಟ್ಟ ಬೇರೆ ವಿಷಯ. ಪ್ರಯೋಗಾಲಯದಲ್ಲಿ ನೈಟ್ರೊಜನ್ ಎಷ್ಟಿದೆ ಅಂತ ನೋಡಿ ಅದಕ್ಕೊಂದು ಗುಣಕ ಹಾಕಿ ಪ್ರೊಟೀನ್ ಅಂತ ಬರೆಯುತ್ತಾರೆ. ಹಾಲಿನ ಪ್ರೊಟೀನ್ ಆಗಲಿ, ಕೊಲಾಜೆನ್ ಆಗಲಿ, ಅಲ್ಲಿ ಒಂದೇ. ಆದರೆ ಕೊಲಾಜೆನ್‌ನಲ್ಲಿ ಟ್ರಿಪ್ಟೊಫ್ಯಾನ್ ಅನ್ನೋ ಅಗತ್ಯ ಅಮೈನೊ ಆಮ್ಲವೇ ಇಲ್ಲ. ಸ್ನಾಯುವಿನ ಕೆಲಸಕ್ಕೆ ಅದೊಂದೇ ಸಾಲುವುದಿಲ್ಲ. ಮಿಶ್ರಣದಲ್ಲಿ ಸ್ವಲ್ಪ ಇದ್ದರೆ ತೊಂದರೆ ಇಲ್ಲ, ಮೊದಲ ಸ್ಥಾನದಲ್ಲಿದ್ದರೆ ಮಾತ್ರ ಯೋಚಿಸಿ.

ಅಂದ ಹಾಗೆ "ಪ್ರೊಟೀನ್ ಬಿಸ್ಕತ್ತು" ಅಂತ ಬಂದರೆ ಇನ್ನೊಂದು ಸಲ ಲೆಕ್ಕ ಹಾಕಿ. ಮಲ್ಲಿಗೆಮೊಗ್ಗು ಅವರ ಬಿಸ್ಕತ್ತಿನ 450 ಕ್ಯಾಲೊರಿಯಲ್ಲಿ ಪ್ರೊಟೀನ್‌ನದು 32. ಅಂದರೆ 7%. ಬಾರಿನ 221ರಲ್ಲಿ 80, ಸುಮಾರು 36%. ಯುರೋಪಿನಲ್ಲಿ "ಪ್ರೊಟೀನ್‌ನ ಮೂಲ" ಅಂತ ಬರೆಯಲು ಕ್ಯಾಲೊರಿಯ 12% ಪ್ರೊಟೀನ್‌ನಿಂದ ಬರಬೇಕು, "ಹೆಚ್ಚು ಪ್ರೊಟೀನ್" ಅನ್ನಲು 20%. ಆ ಲೆಕ್ಕದಲ್ಲಿ ಈ ಬಾರ್ ತನ್ನ ಹೆಸರಿಗೆ ಮೋಸ ಮಾಡಿಲ್ಲ.

ರಾತ್ರಿಪಾಳಿ

ನನ್ನ ಬಾರ್ ನೋಡಿದೆ. ಮಾಲ್ಟಿಟಾಲ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದೆ. ಸರ್ವಿಂಗ್ ಕಾಲಮ್ಮಿನಲ್ಲಿ ಪಾಲಿಯಾಲ್ 9 ಅಂತಿದೆ, ಆದರೆ ಅದು ಅರ್ಧ ಬಾರಿಗೆ. ನಾನು ತಿಂದದ್ದು 18 ಗ್ರಾಂ. ಈಗ ಅರ್ಥವಾಯಿತು. ಪಾಲಿಯಾಲ್ ಇಲ್ಲದ ಬಾರ್ ಸಿಗುತ್ತಾ ಅಂತ ಹುಡುಕುತ್ತಿದ್ದೇನೆ, ಸಿಕ್ಕರೆ ಹೇಳುತ್ತೇನೆ.

ಅಳತೆಗೋಲು

ಸಿಕ್ಕರೂ ಪಟ್ಟಿ ಓದಿ. ಪಾಲಿಯಾಲ್ ಬೇಡ ಅಂದವರು ಬಹಳ ಸಲ ಖರ್ಜೂರದ ಪೇಸ್ಟ್‌ಗೆ ಹೋಗುತ್ತಾರೆ. ಹೊಟ್ಟೆಗೆ ಹಗುರ, ಆದರೆ ಸಕ್ಕರೆ ಸಾಲು ಏರುತ್ತದೆ.

ಮಲ್ಲಿಗೆಮೊಗ್ಗು

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಬಾರ್ ಕೊಡಬೇಕಾ, ಬಿಸ್ಕತ್ತು ಕೊಡಬೇಕಾ ಅನ್ನೋದು ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ಆರು ಬಿಸ್ಕತ್ತಿನಲ್ಲಿ ಕಾರ್ಬ್ ಸುಮಾರು 40 ಗ್ರಾಂ. ಬಾರಿನಲ್ಲಿ ಹದಗಾರ ಅವರ ಲೆಕ್ಕದಂತೆ 13.5, ಅಳತೆಗೋಲು ಅವರ ಅನುಮಾನ ಸೇರಿಸಿದರೆ ಇನ್ನೂ ಸ್ವಲ್ಪ ಮೇಲೆ. ಮೇಲ್ನೋಟಕ್ಕೆ ಬಾರ್ ವಾಸಿ. ಆದರೆ ಅಮ್ಮನಿಗೆ ಹೊಟ್ಟೆ ಸೂಕ್ಷ್ಮ. ಹೊಟ್ಟೆ ಉಬ್ಬಿ ಒದ್ದಾಡಿದರೆ ಅವರು ಮರುದಿನ ಬಿಸ್ಕತ್ತಿನ ಡಬ್ಬಕ್ಕೇ ಕೈ ಹಾಕುತ್ತಾರೆ. ಕಾಲು ಬಾರಿನಿಂದ ಶುರು ಮಾಡಿ, ಎರಡು ಗಂಟೆ ಬಿಟ್ಟು ಶುಗರ್ ನೋಡೋಣ ಅಂತಿದ್ದೇನೆ. ಅಳತೆಗೋಲು ಅವರೇ, ಎರಡು ಗಂಟೆ ಸಾಕಾ?

ಅಳತೆಗೋಲು

ಕಾಲು ಬಾರಿನಲ್ಲಿ ಮೂರ್ನಾಲ್ಕು ಗ್ರಾಂ ಕಾರ್ಬ್ ಇದ್ದರೆ ಮೀಟರ್‌ನಲ್ಲಿ ಏನೂ ಕಾಣಿಸದೇ ಇರಬಹುದು. ಹೊಟ್ಟೆ ಒಗ್ಗಿದೆ ಅಂತ ಗೊತ್ತಾದ ಮೇಲೆ ಪೂರ್ತಿ ಬಾರಿನ ದಿನ ನೋಡಿ. ಮಾಲ್ಟಿಟಾಲ್ ನನಗೆ ನಿಧಾನವಾಗಿ ಏರುತ್ತದೆ, ಹಾಗಾಗಿ ಒಂದು ಗಂಟೆಗೂ ನೋಡಿ, ಎರಡು ಗಂಟೆಗೂ ನೋಡಿ. ತಿನ್ನುವ ಮೊದಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಎಷ್ಟು ಏರಿತು ಅಂತ ಹೇಳಲು ಆಗುವುದಿಲ್ಲ. ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿಯೇ ಮಾಡಿ.